ಏಳು ಸಾಲು

"ಸೈಕಲ್‌ಗಳು ರಾತ್ರಿಯಿಡೀ ನರಳುತ್ತವೆ. ಮೊದಲ ರಾತ್ರಿ ನನಗೆ ನಿದ್ದೆಯೇ ಬರಲಿಲ್ಲ."

ಇಷ್ಟು ಓದಿ ಸಲ್ಮಾ ಫೋನ್ ಕಡೆ ನೋಡಿದಳು. ಪರದೆಯ ಮೇಲೆ ಜಿದ್ದೊನ ಅರ್ಧ ಹಣೆ, ಅದರ ಹಿಂದೆ ಒಂದು ಟ್ಯೂಬ್‌ಲೈಟ್. ಅಜ್ಜನಿಗೆ ಇವತ್ತಿಗೂ ಫೋನನ್ನು ಮುಖದ ಎದುರು ಹಿಡಿಯಲು ಬರುವುದಿಲ್ಲ. ಅಜ್ಜಿ ತೇತಾ ಎಲ್ಲೂ ಕಾಣುತ್ತಿರಲಿಲ್ಲ. ದನಿ ಮಾತ್ರ ಕೇಳಿಸಿತು.

"ಸೈಕಲ್ ಯಾಕಮ್ಮಾ ನರಳುತ್ತೆ?"

"ಗೊತ್ತಿಲ್ಲ ತೇತಾ. ಹಾಗೇ ಬರೆದಿದ್ದಾನೆ."

ಒಂದು ಕ್ಷಣ ಆ ಕಡೆ ಸದ್ದಿಲ್ಲ. ಆಮೇಲೆ ಜಿದ್ದೊ ನಗಲು ಶುರು ಮಾಡಿದ. ಹಣೆ ಕುಣಿಯಿತು, ಟ್ಯೂಬ್‌ಲೈಟೂ ಕುಣಿಯಿತು. ನಗು ಕೆಮ್ಮಾಗುವವರೆಗೂ ನಕ್ಕ.

"ಸೈಕಲ್ ಅಲ್ಲ ಜಿದ್ದೊ, ಸೈಕಲ್ ಅಲ್ಲ! ನಾಊರಾ! ಹಮಾದ ಚಕ್ರಗಳು!"

ಸಿರಿಯಾದ ಹಮಾ ಕಡೆ ಅಜ್ಜ ಮೊಮ್ಮಗಳನ್ನೂ 'ಜಿದ್ದೊ' ಅಂತಲೇ ಕರೆಯುತ್ತಾನೆ. ತೇತಾ ಮೊಮ್ಮಗಳನ್ನು 'ತೇತಾ' ಅನ್ನುತ್ತಾಳೆ. ಹೊರಗಿನವರಿಗೆ ಯಾರು ಯಾರನ್ನು ಕರೆದರು ಅಂತ ಗೊತ್ತಾಗುವುದೇ ಇಲ್ಲ.

ತಪ್ಪು ಸಲ್ಮಾಳದ್ದೂ ಅಲ್ಲ. ಜರ್ಮನ್‌ನಲ್ಲಿ ಚಕ್ರಕ್ಕೂ ಸೈಕಲ್‌ಗೂ 'ರಾಡ್' ಅಂತಲೇ ಅನ್ನುತ್ತಾರೆ. ಹನ್ನೊಂದು ವರ್ಷದ ಹುಡುಗಿ, ಲೈಪ್‌ಜಿಗ್‌ನಲ್ಲಿ ಬೆಳೆದವಳು. ದಿನಾ ರಾಡ್ ಮೇಲೆ ಶಾಲೆಗೆ ಹೋಗುವವಳಿಗೆ ಇನ್ನೇನು ಹೊಳೆಯಬೇಕು?

ಕಾರ್ಡ್ ಸಿಕ್ಕಿದ್ದು ಅವಳ ಅಪ್ಪನಿಗೆ. ಭಾನುವಾರದ ಹಳೇ ಸಾಮಾನಿನ ಸಂತೆಗೆ ಅವನು ಕುರ್ಚಿ ನೋಡಲು ಹೋಗಿದ್ದ. ಒಂದು ಮೇಜಿನ ಮೇಲೆ ಶೂ ಡಬ್ಬಿ ತುಂಬ ಹಳೇ ಪೋಸ್ಟ್‌ಕಾರ್ಡ್‌ಗಳು, ಒಂದಕ್ಕೆ ಐವತ್ತು ಸೆಂಟ್. ಸುಮ್ನೆ ಬೆರಳಾಡಿಸುತ್ತಿದ್ದಾಗ ಒಂದು ಕಾರ್ಡಿನ ಮೂಲೆಯಲ್ಲಿ ಅರಬ್ಬಿ ಅಕ್ಷರ ಕಂಡಿತು. ಹಮಾ. ಅವನು ಕುರ್ಚಿ ಮರೆತು ಮನೆಗೆ ಬಂದ.

ಮುಂದೆ ಬಣ್ಣದ ಫೋಟೋ. ಹೊಳೆ, ಹೊಳೆಯಲ್ಲಿ ಎರಡು ಮರದ ಚಕ್ರ, ಅದರ ಪಕ್ಕ ನೀರಿಗೆ ಅಂಟಿಕೊಂಡಂತೆ ಕಲ್ಲಿನ ಮನೆಗಳ ಸಾಲು. ಹಳೇ ಅಚ್ಚಿನ ಬಣ್ಣ, ಆಕಾಶ ಇರಬೇಕಾದ್ದಕ್ಕಿಂತ ಜಾಸ್ತಿ ನೀಲಿ. ಹಿಂದೆ ನೀಲಿ ಪೆನ್ನಿನಲ್ಲಿ ಜರ್ಮನ್ ಬರಹ, 1978ರ ಮೊಹರು. ಆಗ ಲೈಪ್‌ಜಿಗ್ ಪೂರ್ವ ಜರ್ಮನಿಯಲ್ಲಿತ್ತು. ಸಿರಿಯಾಕ್ಕೂ ಆ ಸರ್ಕಾರಕ್ಕೂ ಒಳ್ಳೆಯ ಸ್ನೇಹ. ಅಲ್ಲಿನ ಕೆಲಸಗಾರರು ಇಲ್ಲಿಗೆ, ಇಲ್ಲಿನವರು ಅಲ್ಲಿಗೆ ಓಡಾಡುತ್ತಿದ್ದರು. ಬರೆದವನು ಹೋರ್ಸ್ಟ್ ಎಂಬುವವನು. ತನ್ನ ಚಿಕ್ಕಮ್ಮನಿಗೆ ಬರೆದಿದ್ದ.

ಅಪ್ಪ ಎರಡೂ ಬದಿಯ ಫೋಟೋ ತೆಗೆದು ಗಾಜಿಯಾಂಟೆಪ್‌ಗೆ ಕಳಿಸಿದ. ಜಿದ್ದೊ ಮತ್ತು ತೇತಾ ಹನ್ನೆರಡು ವರ್ಷದಿಂದ ಟರ್ಕಿಯ ಆ ಊರಿನಲ್ಲೇ ಇದ್ದಾರೆ. ಎರಡು ನಿಮಿಷಕ್ಕೇ ತಿರುಗಿ ಫೋನ್ ಬಂತು. "ಹಿಂದೆ ಏನು ಬರೆದಿದೆ?"

ಅಪ್ಪನ ಜರ್ಮನ್ ಪಾರ್ಸೆಲ್ ಕೊಟ್ಟು ಸಹಿ ಹಾಕಿಸಿಕೊಳ್ಳುವಷ್ಟು. ಕೈಬರಹ ಓದಲು ಬರುವುದಿಲ್ಲ. ಹಾಗಾಗಿ ಕೆಲಸ ಸಲ್ಮಾಳ ಪಾಲಿಗೆ ಬಂತು. ಈ ಮನೆಯಲ್ಲಿ ಕಾಗದ ಅಂದರೆ ಸಲ್ಮಾ. ಎಂಟು ವರ್ಷದವಳಿದ್ದಾಗಿನಿಂದ ಮನೆ ಮಾಲೀಕರ ಪತ್ರ, ಕರೆಂಟ್ ಬಿಲ್, ಆಸ್ಪತ್ರೆಯ ಚೀಟಿ ಎಲ್ಲಾ ಅವಳೇ ಓದಿ ಹೇಳುವುದು. ಹೇಳುವಾಗ ಸ್ವಲ್ಪ ಕೈಯಾಡಿಸುವುದನ್ನೂ ಕಲಿತಿದ್ದಳು. ಡಾಕ್ಟರು 'ನಿಮ್ಮಮ್ಮ ತುಂಬ ದಪ್ಪ ಆಗಿದ್ದಾರೆ' ಅಂದಿದ್ದನ್ನು 'ಸಂಜೆ ಹೊತ್ತು ವಾಕಿಂಗ್ ಹೋಗಬೇಕಂತೆ' ಅಂತ ಅಮ್ಮನಿಗೆ ದಾಟಿಸಿದ್ದಳು. ಸುಳ್ಳಂತೂ ಅಲ್ವಲ್ಲ.

ಚೌಕುಳಿ ಪುಸ್ತಕದ ಹಾಳೆಯಲ್ಲಿ, ಹೋರ್ಸ್ಟ್‌ನ ಒಂದು ಸಾಲಿಗೆ ತನ್ನದೊಂದು ಸಾಲು ಅಂತ ಅರಬ್ಬಿಯಲ್ಲಿ ಬರೆದಿದ್ದಳು. ಮಾತಾಡುವುದು ಸಲೀಸು. ಬರೆಯುವುದೇ ಕಷ್ಟ. ಶನಿವಾರದ ಅರಬ್ಬಿ ತರಗತಿಯಲ್ಲಿ ಅವಳ ಅಕ್ಷರಗಳು ಬಲದಿಂದ ಹೊರಟು ಎಡಕ್ಕೆ ಮುಟ್ಟುವಷ್ಟರಲ್ಲಿ ಗೆರೆ ಬಿಟ್ಟು ಇಳಿದಿರುತ್ತಿದ್ದವು.

ಸೈಕಲ್ ಹೊಡೆದು ಹಾಕಿ ನಾಊರಾ ಅಂತ ಬರೆದಳು. "ಅವು ಯಾಕೆ ನರಳುತ್ತವೆ ಜಿದ್ದೊ?"

ಜಿದ್ದೊಗೆ ಇಷ್ಟು ಸಾಕಾಯಿತು. ಫೋನ್ ಸರಿಯಾಗಿ ಹಿಡಿದ. ಮೊದಲ ಸಲ ಪೂರ್ತಿ ಮುಖ ಕಂಡಿತು.

"ಅಚ್ಚೂ ಮರ, ಅಚ್ಚು ಕೂರುವ ಜಾಗವೂ ಮರ. ಮರಕ್ಕೆ ಮರ ಉಜ್ಜಿದರೆ ಏನಾಗುತ್ತೆ? ಎತ್ತಿಲ್ಲ, ಮೋಟಾರಿಲ್ಲ. ಆಸಿ ಹೊಳೆಯೇ ತಿರುಗಿಸುತ್ತೆ. ಚಕ್ರದ ಡಬ್ಬಿಗಳಲ್ಲಿ ನೀರು ತುಂಬಿಕೊಂಡು ಮೇಲೆ ಹೋಗಿ ಕಾಲುವೆಗೆ ಸುರಿಯುತ್ತೆ. ಕಲ್ಲಿನ ಕಮಾನುಗಳ ಮೇಲೆ ಕಾಲುವೆ. ಅಲ್ಲಿಂದ ತೋಟಕ್ಕೆ, ಮಸೀದಿಗೆ, ಸ್ನಾನದ ಮನೆಗೆ. ದೊಡ್ಡದು ಮುಹಮ್ಮದಿಯಾ. 1361ರದ್ದು. ಇಪ್ಪತ್ತೊಂದು ಮೀಟರ್ ಎತ್ತರ! ನಿಮ್ಮ ಮನೆ ಎಷ್ಟನೇ ಮಹಡಿ?"

"ನಾಲ್ಕನೇದು."

"ನಿನ್ನ ಕಿಟಕಿಗಿಂತ ಮೇಲೆ ನೀರು ಸುರಿಯುತ್ತೆ."

ಆಸಿ ಅಂದರೆ ಹೇಳಿದ ಮಾತು ಕೇಳದವನು. ದಕ್ಷಿಣದಿಂದ ಉತ್ತರಕ್ಕೆ ಹರಿಯುವುದರಿಂದ ಆ ಹೆಸರು ಅಂತ ಜಿದ್ದೊ ಹೇಳಿದ. ಸಲ್ಮಾ ಮುಂದೆ ಓದಿದಳು.

"ಈಗ ಅಭ್ಯಾಸವಾಗಿದೆ. ಚಕ್ರ ನಿಂತರೆ ಎಚ್ಚರವಾಗುತ್ತದೆ."

"ನಿಜ," ಅಂದಳು ತೇತಾ. ಇಷ್ಟು ಹೇಳಿ ಸುಮ್ಮನಾದಳು.

"ಹುಡುಗರು ಚಕ್ರಕ್ಕೆ ಜೋತುಬಿದ್ದು ಮೇಲಕ್ಕೆ ಹೋಗಿ ಅಲ್ಲಿಂದ ಹೊಳೆಗೆ ಹಾರುತ್ತಾರೆ. ಇಲ್ಲಿ ಚಹಾ ಕುಡಿಸದೆ ಯಾರೂ ಬಿಡುವುದಿಲ್ಲ. ಕ್ರಿಸ್‌ಮಸ್‌ಗೆ ಮನೆಗೆ ಬರುತ್ತೇನೆ."

"ಮುಗೀತಾ?" ಅಂದ ಜಿದ್ದೊ.

"ಮುಗೀತು."

"ಒಂದು ಸಾಲು ಎಲ್ಲಿ?"

ಜಿದ್ದೊಗೆ ಜರ್ಮನ್‌ನ ಒಂದಕ್ಷರವೂ ಬಾರದು. ಆದರೆ ಅವನು ಹಮಾದಲ್ಲಿ ಮೂವತ್ತು ವರ್ಷ ಬಿಳಿ ಬಟ್ಟೆಯ ಮೇಲೆ ಮರದ ಅಚ್ಚು ಒತ್ತಿ ಕಪ್ಪು ಚಿತ್ತಾರ ಮಾಡಿದವನು. ಸಾಲು ಎಣಿಸುವುದು ಅವನ ಕಣ್ಣಿಗೆ ಅಂಟಿದ ಚಟ. ಸಲ್ಮಾ ಬಿಡಿಸಿ ಬಿಡಿಸಿ ಓದುವಾಗ ಫೋಟೋದ ಮೇಲೆ ಬೆರಳಿಟ್ಟು ಲೆಕ್ಕ ಹಾಕಿದ್ದ.

"ಅವನು ಏಳು ಸಾಲು ಬರೆದಿದ್ದಾನೆ. ನೀನು ಆರು ಓದಿದೆ."

ಸಲ್ಮಾಳ ಕಿವಿ ಬಿಸಿಯಾಯಿತು. ಹಾಳೆಯ ಮೇಲೆ ಮೂರನೇ ಸಾಲಿನ ನಂತರ ಒಂದು ಸಾಲಿನ ಜಾಗ ಖಾಲಿ ಇತ್ತು.

"ಬೇಜಾರ್ ಮಾಡ್ಕೋಬಾರದು."

"ಹೇಳು."

"ಬೀದಿಗಳು ಕೊಳಕು, ಬೇಸಿಗೆಯಲ್ಲಿ ಹೊಳೆ ನಾರುತ್ತದೆ... ಅಂತ."

ಈ ಸಲ ನಕ್ಕಿದ್ದು ತೇತಾ. "ಪಾಪ, ಸರಿಯಾಗೇ ಬರೆದಿದ್ದಾನೆ! ಆಗಸ್ಟ್‌ನಲ್ಲಿ ನೀರು ಇಳಿದರೆ ಮೂಗು ಮುಚ್ಚಿಕೊಳ್ಳಬೇಕಿತ್ತು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಕಿಟಕಿಗೆ ಒದ್ದೆ ಬಟ್ಟೆ ಕಟ್ಟುತ್ತಿದ್ದೆ. ಅದೇ ಕಿಟಕಿ. ನೋಡು, ಎಡಗಡೆಯಿಂದ ಮೂರನೇದು."

"ಎಲ್ಲಾ ಕಿಟಕಿಯೂ ಒಂದೇ ಥರ ಇವೆ," ಅಂದ ಜಿದ್ದೊ.

"ಮೂರನೇದು. ನನ್ನ ಕಿಟಕಿ ನನಗೆ ಗೊತ್ತಿಲ್ವಾ?"

ಸಲ್ಮಾ ಕಾರ್ಡ್ ತಿರುಗಿಸಿದಳು. ಮೂರನೇ ಕಿಟಕಿ ಅಕ್ಕಿ ಕಾಳಿನಷ್ಟಿತ್ತು. ಹತ್ತಿರ ಹಿಡಿದರೆ ಅದೂ ಇಲ್ಲ, ಬರೀ ಅಚ್ಚಿನ ಚುಕ್ಕೆಗಳು. ಕೆಂಪು, ನೀಲಿ, ಹಳದಿ.

ಕಾರ್ಡ್ ಬಂದ ದಿನವೇ ಅವಳು ಈ ಜಾಗವನ್ನು ಫೋನಿನ ಮ್ಯಾಪ್‌ನಲ್ಲಿ ಹುಡುಕಿದ್ದಳು. ಚಕ್ರ ಸಿಕ್ಕಿತ್ತು, ಹೊಳೆಯೂ ಸಿಕ್ಕಿತ್ತು.

"ಜಿದ್ದೊ, ಈ ಮನೆಗಳು ಈಗ ಇಲ್ಲ. ಅಲ್ಲಿ ಒಂದು ದೊಡ್ಡ ಹೋಟೆಲ್ ಇದೆ. ಮನೆ ಎಲ್ಲಿ ಹೋಯ್ತು?"

ಒಳಗೆ ಪಾತ್ರೆ ತೊಳೆಯುತ್ತಿದ್ದ ಅಪ್ಪ ನಲ್ಲಿ ನಿಲ್ಲಿಸಿದ. ಬಾಗಿಲಿಗೆ ಬಂದು ನಿಂತ. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಈ ಮನೆಯಲ್ಲಿ ಅದಕ್ಕೊಂದು ಪದ ಇತ್ತು. 'ಅಹ್‌ದಾಸ್'. ಅಂದರೆ ಘಟನೆಗಳು. ಅಷ್ಟೇ. 'ಘಟನೆಗಳಿಗೆ ಮುಂಚೆ', 'ಘಟನೆಗಳಾದ ಮೇಲೆ'. ಯಾವ ಘಟನೆ ಅಂತ ಯಾರೂ ಹೇಳುತ್ತಿರಲಿಲ್ಲ. 1984ರಲ್ಲಿ ಹುಟ್ಟಿದ ಅಪ್ಪನಿಗೂ ಬಿಡಿಸಿ ಹೇಳಿದವರಿಲ್ಲ. ಗೋಡೆಗೂ ಕಿವಿ ಇರುವ ದೇಶ ಅದು. ದೇಶ ಬಿಟ್ಟ ಮೇಲೂ ಫೋನಿಗೆ ಕಿವಿ ಇತ್ತು. ಊರಲ್ಲಿ ಉಳಿದ ನೆಂಟರಿಗೆ ತೊಂದರೆಯಾದೀತು ಅಂತ ಭಯ.

ಆದರೆ ಇದು 2025ರ ವಸಂತ. ಹಿಂದಿನ ಡಿಸೆಂಬರ್‌ನಲ್ಲಿ ಸಿರಿಯಾದ ಅಧ್ಯಕ್ಷ ಅಸ್ಸಾದ್ ಓಡಿಹೋಗಿದ್ದ. ಅವನೂ ಅವನಪ್ಪನೂ ಸೇರಿ ಐವತ್ತು ವರ್ಷ ದಾಟಿಸಿದ್ದ ಆಳ್ವಿಕೆ ಹತ್ತು ಹನ್ನೆರಡು ದಿನದಲ್ಲಿ ಕುಸಿದಿತ್ತು. ಫೆಬ್ರವರಿಯಲ್ಲಿ ಹಮಾದ ಜನ ಮೊದಲ ಬಾರಿಗೆ ಬೀದಿಯಲ್ಲಿ ನಿಂತು ತಮ್ಮ ಸತ್ತವರ ಹೆಸರು ಹೇಳಿದ್ದರು.

ಜಿದ್ದೊ ಫೋನ್ ಕೆಳಗಿಟ್ಟ. ಈಗ ಛಾವಣಿ ಮಾತ್ರ ಕಾಣುತ್ತಿತ್ತು.

"1982," ಅಂದ. "ಫೆಬ್ರವರಿ. ಸೈನ್ಯ ಊರನ್ನು ಸುತ್ತುವರಿಯಿತು. ಇಪ್ಪತ್ತೇಳು ದಿನ. ನಮ್ಮ ಕೇರಿ ಕೀಲಾನಿಯಾ. ಮೊದಲು ಟ್ಯಾಂಕು ಬಂತು, ಆಮೇಲೆ ಬುಲ್ಡೋಜರ್ ಬಂತು. ಉಳಿದದ್ದು ಹೊಳೆ, ಚಕ್ರ."

"ಅಪ್ಪಾ, ಸಾಕು," ಅಂದ ಸಲ್ಮಾಳ ಅಪ್ಪ. ಅದು ಹಳೇ ರೂಢಿ, ಬಾಯಿಗೆ ತಾನಾಗಿ ಬಂತು. ಹೇಳಿದ ಮೇಲೆ ಅವನಿಗೇ ವಿಚಿತ್ರ ಅನ್ನಿಸಿತೇನೋ, ಕೈ ಒರೆಸಿಕೊಂಡು ಬಂದು ಮಗಳ ಪಕ್ಕ ಕೂತ.

"ಆ ಹುಡುಗರನ್ನು ಬರೆದಿದ್ದಾನಲ್ಲ, ಚಕ್ರದಿಂದ ಹಾರುವವರು," ಜಿದ್ದೊನ ದನಿ ಛಾವಣಿಯಿಂದ ಬಂದಂತಿತ್ತು. "ನನ್ನ ತಮ್ಮ ಮಹಮೂದ್‌ನಷ್ಟು ಚೆನ್ನಾಗಿ ಯಾರೂ ಹಾರುತ್ತಿರಲಿಲ್ಲ. ಹೋರ್ಸ್ಟ್ ನೋಡಿರಬೇಕು. 78 ಅಂದರೆ ಅವನಿಗೆ ಹದಿನಾಲ್ಕು. 82ರಲ್ಲಿ ಹದಿನೆಂಟು. ಹದಿನೆಂಟಾಗಿದ್ದೇ ತಪ್ಪಾಯಿತು. ಬಂದು ಕರೆದುಕೊಂಡು ಹೋದರು."

ಯಾರೂ ಮಾತಾಡಲಿಲ್ಲ. ಸಲ್ಮಾ ಪೆನ್ನಿನ ಕ್ಯಾಪ್ ಹಾಕಿದಳು, ತೆಗೆದಳು.

"ಜಿದ್ದೊ," ಅಂದ ಜಿದ್ದೊ. "ಕಾರ್ಡಿನ ಮೇಲೆ ಜಾಗ ಇದೆಯಾ?"

"ಕೆಳಗೆ ಒಂದು ಸ್ವಲ್ಪ."

"ಅದೇ ಭಾಷೆಯಲ್ಲಿ ಬರಿ. ಹೋರ್ಸ್ಟ್ ಓದೋ ಹಾಗೆ. ಮೂರನೇ ಕಿಟಕಿ ನಮ್ಮದು."

"ನೀನೇ ಒಪ್ಪಿಕೊಂಡೆ," ಅಂದಳು ತೇತಾ.

"ಬರಿ. ಮಹಮೂದ್ ಅಲ್ಲಿ ಮಲಗುತ್ತಿದ್ದ. ಅವನು 1982ರಿಂದ ಮಫ್ಕೂದ್."

ಸಲ್ಮಾ ಬರೆಯುತ್ತಾ ಬಂದು ಕೊನೆಯ ಪದಕ್ಕೆ ನಿಂತಳು. ಮಫ್ಕೂದ್ ಅಂದರೆ ಕಾಣೆಯಾದವನು, ಅದು ಅವಳಿಗೆ ಗೊತ್ತು. ಜರ್ಮನ್ ಪದವೂ ಗೊತ್ತು. ಬೆಕ್ಕು ಕಳೆದಾಗ ಕರೆಂಟ್ ಕಂಬಕ್ಕೆ ಅಂಟಿಸುವ ಚೀಟಿಯಲ್ಲಿ ದೊಡ್ಡದಾಗಿ ಬರೆದಿರುತ್ತಾರೆ. ಆದರೆ ಅದೇ ಪದವನ್ನು ಗೆಳತಿ ಲೀನಾ ರಜೆಗೆ ಹೋದಾಗ ಮೆಸೇಜಿನಲ್ಲೂ ಕಳಿಸಿದ್ದಳು.

"ಒಂದು ತೊಂದರೆ ಇದೆ. 'ಫೆರ್‌ಮಿಸ್ಟ್' ಅಂತ ಬರೆಯಬೇಕು. ಆದರೆ ಅದಕ್ಕೆ ಎರಡು ಅರ್ಥ. ಕಾಣೆಯಾದವನು ಅಂತಲೂ ಹೌದು. ಯಾರಾದರೂ ಇಲ್ಲ ಅಂತ ಇನ್ನೊಬ್ಬರಿಗೆ ನೆನಪಾಗಿ ಸಂಕಟ ಆಗುತ್ತಲ್ಲ, ಅದೂ ಅದೇ. ಯಾವುದು ಅಂತ ಓದಿದವರಿಗೆ ಗೊತ್ತಾಗಲ್ಲ."

ಫೋನ್ ಮೇಲೆ ಏಳುವ ಸದ್ದಾಯಿತು. ಟ್ಯೂಬ್‌ಲೈಟ್, ಹಣೆ, ಆಮೇಲೆ ಇಬ್ಬರ ಮುಖವೂ.

"ಎಷ್ಟು ಅಕ್ಷರ?" ಕೇಳಿದ ಜಿದ್ದೊ.

ಸಲ್ಮಾ ಬೆರಳು ಮಡಿಸಿದಳು. "ಎಂಟು."

"ಜಾಗ ಸಾಲುತ್ತಾ?"

"ಸಣ್ಣದಾಗಿ ಬರೆದರೆ ಸಾಲುತ್ತೆ."

"ಹಾಗಾದರೆ ಅದೇ ಇರಲಿ."