ಗಲ್ಲಾದಲ್ಲಿರುವ ದುಡ್ಡು ಯಾರದು? ಅಂಗಡಿಯವರಿಗಾಗಿ ಒಂದು ಉಚಿತ ಪಟ್ಟಿ

ರಾತ್ರಿ ಒಂಬತ್ತೂವರೆ. ಶಟರ್ ಅರ್ಧ ಇಳಿಸಿದ್ದೀರಿ. ಗಲ್ಲಾದ ನೋಟು ಎಣಿಸಿ ರಬ್ಬರ್ ಬ್ಯಾಂಡ್ ಹಾಕುತ್ತೀರಿ. ಫೋನ್ ತೆಗೆದು ಇವತ್ತಿನ ಯುಪಿಐ ಎಷ್ಟು ಅಂತ ನೋಡುತ್ತೀರಿ. ಎರಡೂ ಸೇರಿ 10,000 ರೂಪಾಯಿ ವ್ಯಾಪಾರ. ಪರವಾಗಿಲ್ಲ ಅನ್ನಿಸುತ್ತದೆ.

ಈ 10,000ದಲ್ಲಿ ನಿಮ್ಮದು ಎಷ್ಟು?

ನಾನು ದಾವಣಗೆರೆಯಲ್ಲಿ ಸಣ್ಣ ಅಂಗಡಿಯವರಿಗೆ ಹಣಕಾಸಿನ ಲೆಕ್ಕ ಕೂಡಿಸಿ, ಮುಂದಿನ ದಾರಿ ಹಾಕಿಕೊಡುವ ಕೆಲಸ ಮಾಡುತ್ತೇನೆ. ದಿನಸಿ, ಬೇಕರಿ, ಸ್ಟೇಷನರಿ, ಹಾರ್ಡ್‌ವೇರ್, ಬಟ್ಟೆ ಅಂಗಡಿ, ಎಲ್ಲರೂ ಬರುತ್ತಾರೆ. ಮೊದಲ ದಿನವೇ ಈ ಪ್ರಶ್ನೆ ಕೇಳುತ್ತೇನೆ. ಇಪ್ಪತ್ತು ವರ್ಷ ಗಲ್ಲಾ ಮುಂದೆ ಕೂತವರೂ ಸುಮ್ಮನಾಗಿಬಿಡುತ್ತಾರೆ. ಬುದ್ಧಿ ಕಮ್ಮಿ ಅಂತಲ್ಲ. ಯಾವ ಅಕ್ಕಿಗೆ ಕೆಜಿಗೆ ಎಷ್ಟು ಉಳಿಯುತ್ತೆ ಅಂತ ಅವರಿಗೆ ಬಾಯಲ್ಲೇ ಇದೆ. ಆದರೆ ಅಂಗಡಿ ದುಡ್ಡು, ಮನೆ ದುಡ್ಡು ಎರಡೂ ಒಂದೇ ಡ್ರಾಯರಿನಲ್ಲಿ ಕೂತಿರುತ್ತದೆ. ಬೇರೆ ಮಾಡದೆ ಎಣಿಸಿದರೆ ಉತ್ತರ ಹೇಗೆ ಸಿಗಬೇಕು?

ನನ್ನ ಅಪ್ಪನೂ ಅಂಗಡಿಯವರೇ. ಮೂವತ್ತೊಂದು ವರ್ಷ ದಿನಸಿ ಅಂಗಡಿ ನಡೆಸಿದರು. ಒಂದು ದಿನವೂ ಬೆಳಗ್ಗೆ ಆರೂವರೆಗಿಂತ ತಡವಾಗಿ ಬಾಗಿಲು ತೆಗೆದವರಲ್ಲ. ಕೊನೆಗೆ ಸಾಲ ತೀರಿಸಲು ಅಂಗಡಿಯನ್ನೇ ಬಿಟ್ಟುಕೊಟ್ಟರು. ವ್ಯಾಪಾರ ಚೆನ್ನಾಗಿಯೇ ಇತ್ತು. ದುಡ್ಡು ಎಲ್ಲಿ ಹೋಯಿತು ಅಂತ ಅವರಿಗೆ ಕಡೆಯವರೆಗೂ ಗೊತ್ತಾಗಲಿಲ್ಲ. ನಾನು ಈ ಕೆಲಸಕ್ಕೆ ಬಂದದ್ದು ಅದಕ್ಕೇ.

ಹೋದ ವರ್ಷ ಒಂದು ದಿನಸಿ ಅಂಗಡಿಯ ಗಂಡ ಹೆಂಡತಿ ಬಂದಿದ್ದರು. ತಿಂಗಳಿಗೆ 3 ಲಕ್ಷದ ವ್ಯಾಪಾರ. ಆದರೂ ಹೋಲ್‌ಸೇಲ್‌ನವರಿಗೆ ಬಾಕಿ ಏರುತ್ತಲೇ ಇತ್ತು. ಮನೆಗೆ ಗಲ್ಲಾದಿಂದ ಎಷ್ಟು ತೆಗೆಯುತ್ತೀರಿ ಅಂದೆ. “ಇಪ್ಪತ್ತು ಸಾವಿರದ ಒಳಗೇ ಇರುತ್ತೆ ಮೇಡಂ” ಅಂದರು ಆ ಅಣ್ಣ. ಅಕ್ಕ ಏನೂ ಹೇಳಲಿಲ್ಲ.

ಊದಿನಕಡ್ಡಿ ಬಾಕ್ಸಿನ ರಟ್ಟು ಹರಿದು, ದಾರ ಕಟ್ಟಿ ಗಲ್ಲಾಗೆ ನೇತುಹಾಕಿ ಅಂದೆ. ಮೂವತ್ತು ದಿನ ಮನೆಗೆ ಏನೇ ಹೋದರೂ ಅದರ ಮೇಲೆ ಬರೆಯಬೇಕು. ಮಗಳ ಟ್ಯೂಷನ್ 1,500. ಗ್ಯಾಸ್ ಸಿಲಿಂಡರ್. ಮದುವೆ ಮುಯ್ಯಿ 1,000. ಅತ್ತೆಯ ಬಿಪಿ ಮಾತ್ರೆ. ಅಂಗಡಿಯಿಂದಲೇ ಮನೆಗೆ ಒಯ್ದ ಎಣ್ಣೆ ಪ್ಯಾಕೆಟ್, ಸೋಪು, ಬೇಳೆ, ಮಕ್ಕಳು ಸ್ಕೂಲಿಗೆ ಹೋಗುವಾಗ ಎತ್ತಿಕೊಂಡ ಬಿಸ್ಕೆಟ್ ಕೂಡ ಕೊಂಡ ಬೆಲೆಯಲ್ಲಿ ಬರೆಯಬೇಕು.

ತಿಂಗಳ ಕೊನೆಗೆ ರಟ್ಟಿನ ಎರಡೂ ಕಡೆ ತುಂಬಿತ್ತು. ಒಟ್ಟು 34,150.

ಈಗ ಇನ್ನೊಂದು ಕಡೆಯ ಲೆಕ್ಕ. 3 ಲಕ್ಷದ ವ್ಯಾಪಾರದಲ್ಲಿ ಅವರಿಗೆ ಉಳಿಯುತ್ತಿದ್ದದ್ದು ಸರಾಸರಿ ನೂರಕ್ಕೆ 12, ಅಂದರೆ 36,000. ಬಾಡಿಗೆ 7,000, ಕರೆಂಟು 2,000 ಕಳೆದರೆ 27,000. ಮನೆಗೆ ಹೋದದ್ದು 34,150. ಪ್ರತಿ ತಿಂಗಳು 7,150 ರೂಪಾಯಿ ಹೋಲ್‌ಸೇಲ್‌ನವರ ದುಡ್ಡನ್ನು ಮನೆ ತಿನ್ನುತ್ತಿತ್ತು. ಯಾರೂ ಕದ್ದಿಲ್ಲ, ಯಾರೂ ದುಂದು ಮಾಡಿಲ್ಲ. ಸುಮ್ನೆ ಗಲ್ಲಾ ತೆಗೆದಾಗ ದುಡ್ಡು ಕಾಣಿಸುತ್ತಿತ್ತು, ಅಷ್ಟೇ.

ಆ ಕೊರತೆ ತುಂಬಲು ಅವರು ಡೈಲಿ ಫೈನಾನ್ಸ್ ಹಿಡಿದಿದ್ದರು. 10,000 ಸಾಲ. ಕೈಗೆ ಕೊಡುವುದು 9,000. ದಿನಕ್ಕೆ 100ರಂತೆ ನೂರು ದಿನ ಕಟ್ಟಬೇಕು. “ಸಾವಿರ ರೂಪಾಯಿ ತಾನೆ ಬಡ್ಡಿ” ಅನ್ನಿಸುತ್ತದೆ ಅಲ್ವಾ? ಆದರೆ ಮೊದಲ ದಿನದಿಂದಲೇ ಅಸಲು ವಾಪಸ್ ಹೋಗುತ್ತಿರುತ್ತದೆ. ನೂರು ದಿನದಲ್ಲಿ ನಿಮ್ಮ ಕೈಯಲ್ಲಿ ಸರಾಸರಿ ಉಳಿಯುವುದು ಸುಮಾರು 4,500 ಮಾತ್ರ. ಅದಕ್ಕೆ ಸಾವಿರ ಬಡ್ಡಿ. ವರ್ಷಕ್ಕೆ ಲೆಕ್ಕ ಹಾಕಿದರೆ ನೂರಕ್ಕೆ 80 ಆಗುತ್ತದೆ. ಇಷ್ಟು ಬಡ್ಡಿ ಕಟ್ಟಿ ಲಾಭ ಮಾಡುವ ದಿನಸಿ ಅಂಗಡಿಯನ್ನು ನಾನು ಈವರೆಗೆ ನೋಡಿಲ್ಲ. ಮುದ್ರಾ ಸಾಲದಲ್ಲಿ 50,000ದವರೆಗಿನ ಶಿಶು ಸಾಲಕ್ಕೆ ಯಾವ ಅಡಮಾನವೂ ಬೇಡ. ಉದ್ಯಮ್ ನೋಂದಣಿ ಉಚಿತ, udyamregistration.gov.in ನಲ್ಲಿ ನೀವೇ ಮಾಡಿಕೊಳ್ಳಬಹುದು. ಅದಕ್ಕೆ ದುಡ್ಡು ಕೇಳುವವರಿಗೆ ಕೊಡಬೇಡಿ.

ಇಂಥ ಲೆಕ್ಕಗಳನ್ನೆಲ್ಲ ಸೇರಿಸಿ ಒಂದು ಪಟ್ಟಿ ಮಾಡಿದ್ದೇನೆ. ಹೆಸರು “ಗಲ್ಲಾ ಪಟ್ಟಿ”. ಎರಡು ಪುಟ, 21 ಪ್ರಶ್ನೆ. ಹೌದು ಅಥವಾ ಇಲ್ಲ ಅಂತ ಗುರುತು ಹಾಕಿದರೆ ಸಾಕು. ಪೂರ್ತಿ ಕನ್ನಡದಲ್ಲಿದೆ, ಪೂರ್ತಿ ಉಚಿತ. ಗಂಡ ಹೆಂಡತಿ ಒಟ್ಟಿಗೆ ಕೂತು ತುಂಬಿದರೆ ಅರ್ಧ ಗಂಟೆ ಹಿಡಿಯುತ್ತದೆ. ಒಬ್ಬರೇ ತುಂಬಬೇಡಿ, ಉತ್ತರ ತಪ್ಪಾಗುತ್ತದೆ. ಆ ಅಕ್ಕ ಅವತ್ತು ಯಾಕೆ ಸುಮ್ಮನಿದ್ದರು ಅಂತ ನನಗೆ ಆಮೇಲೆ ಗೊತ್ತಾಯಿತು. ಮನೆ ಖರ್ಚು ಎಷ್ಟು ಅಂತ ಅವರಿಗೆ ಸರಿಯಾಗಿ ಗೊತ್ತಿತ್ತು, ಅವರನ್ನು ಯಾರೂ ಕೇಳಿರಲಿಲ್ಲ.

ಪಟ್ಟಿಯಲ್ಲಿರುವ ಕೆಲವು ಪ್ರಶ್ನೆಗಳನ್ನು ಇಲ್ಲೇ ಹೇಳಿಬಿಡುತ್ತೇನೆ.

ಅಂಗಡಿಯ ಕ್ಯೂಆರ್ ಕೋಡಿಗೆ ಬೇರೆ ಖಾತೆ ಇದೆಯಾ? 2025ರ ಜುಲೈ ನೆನಪಿದೆಯಾ? ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಬೆಂಗಳೂರಿನಲ್ಲಿ ಎಷ್ಟೋ ಅಂಗಡಿಯವರು ಕ್ಯೂಆರ್ ಕಿತ್ತು “ಕ್ಯಾಶ್ ಮಾತ್ರ” ಅಂತ ಚೀಟಿ ಅಂಟಿಸಿದರು. ಸಾಮಾನು ಮಾರುವವರಿಗೆ ವರ್ಷದ ವ್ಯಾಪಾರ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಸೇವೆ ಕೊಡುವವರಿಗೆ 20 ಲಕ್ಷ. ಈಗ ಮೇಲಿನ ಅಂಗಡಿಯನ್ನೇ ನೋಡಿ. ತಿಂಗಳಿಗೆ 3 ಲಕ್ಷ ಅಂದರೆ ವರ್ಷಕ್ಕೆ 36 ಲಕ್ಷ. ಗೆರೆಯ ಒಳಗೇ ಇದ್ದಾರೆ. ಆದರೆ ಬಾಮೈದ ವಾಪಸ್ ಕೊಟ್ಟ ಕೈಸಾಲ, ಚೀಟಿ ಎತ್ತಿದ ದುಡ್ಡು, ಊರಿನ ಜಮೀನಿನ ಮೆಕ್ಕೆಜೋಳದ ದುಡ್ಡು, ಎಲ್ಲವೂ ಅದೇ ಖಾತೆಗೆ ಬಿದ್ದರೆ ಹೊರಗಿನಿಂದ ನೋಡುವವರಿಗೆ 40 ದಾಟಿದ ಹಾಗೆ ಕಾಣುತ್ತದೆ. ಇದು ವ್ಯಾಪಾರದ ದುಡ್ಡಲ್ಲ ಅಂತ ತೋರಿಸುವ ಹೊರೆ ನಿಮ್ಮ ಮೇಲೆ ಬೀಳುತ್ತದೆ. ಕ್ಯೂಆರ್ ಕೀಳುವುದರಿಂದ ಗಿರಾಕಿ ಹೋಗುತ್ತಾನೆ. ಅಂಗಡಿಗೆ ಬೇರೆ ಖಾತೆ ಮಾಡಿದರೆ ತಲೆನೋವು ಹೋಗುತ್ತದೆ.

ನಿಜವಾಗಿ 40 ಲಕ್ಷ ದಾಟಿದ್ದರೆ ಹೆದರಬೇಡಿ. ಒಂದೂವರೆ ಕೋಟಿವರೆಗೆ ಕಾಂಪೊಸಿಷನ್ ಪದ್ಧತಿ ಇದೆ. ವ್ಯಾಪಾರಿಗಳಿಗೆ ತೆರಿಗೆ ನೂರಕ್ಕೆ 1. ಆದರೆ ಅದನ್ನು ಗಿರಾಕಿಯಿಂದ ವಸೂಲಿ ಮಾಡುವಂತಿಲ್ಲ, ಕೈಯಿಂದ ಕಟ್ಟಬೇಕು. ನಿಮ್ಮ ಅಂಗಡಿಗೆ ಇದು ಹೊಂದುತ್ತದೋ ಇಲ್ಲವೋ ಅಂತ ನೋಡಲು ಪಟ್ಟಿಯಲ್ಲಿ ಮೂರು ಪ್ರಶ್ನೆ ಇವೆ.

ಪಿಗ್ಮಿ ಕಟ್ಟುತ್ತಿರುವುದು ಬ್ಯಾಂಕಿಗೋ, ಸಂಘಕ್ಕೋ? ಪಿಗ್ಮಿ ನಮ್ಮ ಉಡುಪಿ ಕಡೆಯಲ್ಲೇ ಹುಟ್ಟಿದ್ದು. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಶುರು ಮಾಡಿದರು. ಏಜೆಂಟು ದಿನಾ ಅಂಗಡಿಗೇ ಬಂದು ಇಸಿದುಕೊಂಡು ಹೋಗುವ ಪದ್ಧತಿ ಅಂಗಡಿಯವರಿಗೆ ಹೇಳಿ ಮಾಡಿಸಿದ ಹಾಗಿದೆ. ಪಿಗ್ಮಿ ಬೇಡ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಆದರೆ ದುಡ್ಡು ಎಲ್ಲಿಗೆ ಹೋಗುತ್ತಿದೆ ಅಂತ ಪಾಸ್‌ಬುಕ್ಕಿನ ಮೇಲೆ ಓದಿ. ಬ್ಯಾಂಕು ಮುಳುಗಿದರೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಸಹಕಾರಿ ಬ್ಯಾಂಕುಗಳಿಗೂ ಇದೆ. ಪತ್ತಿನ ಸಹಕಾರ ಸಂಘಗಳಿಗೆ ಈ ವಿಮೆ ಇಲ್ಲ. ಎರಡೂ ಕಡೆ ಬೋರ್ಡಿನ ಮೇಲೆ “ಸಹಕಾರಿ” ಅಂತಲೇ ಇರುತ್ತದೆ, ಹೊರಗಿನಿಂದ ವ್ಯತ್ಯಾಸ ಕಾಣುವುದಿಲ್ಲ. ಅಪ್ಪನ ಪಿಗ್ಮಿ ಇದ್ದದ್ದು ಒಂದು ಸಂಘದಲ್ಲಿ. ಒಂದು ಸೋಮವಾರ ಅದರ ಬಾಗಿಲಿಗೆ ಬೀಗ ಬಿದ್ದಿತ್ತು. ನನ್ನ ಅಕ್ಕನ ಮದುವೆಗೆ ಅಂತ ಕೂಡಿಟ್ಟ ದುಡ್ಡು ಅದು. ಅಪ್ಪ ಆ ಪಾಸ್‌ಬುಕ್ಕನ್ನು ದೇವರ ಮನೆಯಲ್ಲಿ ಇಟ್ಟಿದ್ದರು, ಇವತ್ತಿಗೂ ಅಲ್ಲೇ ಇದೆ.

ನಿಮಗೇನಾದರೂ ಆದರೆ, ಸಾಲ ಕೊಟ್ಟವರಿಗಿಂತ ಮೊದಲು ಹೆಂಡತಿ ಮಕ್ಕಳಿಗೆ ದುಡ್ಡು ಸಿಗುತ್ತದಾ? ಇದನ್ನು ಏಜೆಂಟರು ಹೇಳುವುದು ಕಮ್ಮಿ. ಟರ್ಮ್ ಪಾಲಿಸಿ ಕೊಳ್ಳುವಾಗ 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯ ಅಡಿ ಮಾಡಿಸಿದರೆ, ಆ ದುಡ್ಡು ಹೆಂಡತಿ ಮಕ್ಕಳದ್ದೇ. ಸಾಲ ಕೊಟ್ಟವರು ಅದಕ್ಕೆ ಕೈ ಹಾಕುವಂತಿಲ್ಲ. ಅಂಗಡಿಯವರಿಗೆ ಬಾಕಿ ಇದ್ದೇ ಇರುತ್ತದೆ, ಹಾಗಾಗಿ ಇದು ನಿಮಗೆ ಬೇಕೇ ಬೇಕು. ಅರ್ಜಿ ತುಂಬುವಾಗಲೇ ಹೇಳಬೇಕು, ಆಮೇಲೆ ಸೇರಿಸಲು ಆಗುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆ, ಆರೋಗ್ಯ ವಿಮೆಗಳ ಮೇಲೆ ಜಿಎಸ್‌ಟಿ ಇಲ್ಲ. ಸದ್ಯಕ್ಕೆ ದೊಡ್ಡ ಪಾಲಿಸಿಗೆ ಕೈ ಸಾಲದಿದ್ದರೆ, ಬ್ಯಾಂಕಿನಲ್ಲಿ ವರ್ಷಕ್ಕೆ 436 ರೂಪಾಯಿಯ ಜೀವನ ಜ್ಯೋತಿ, 20 ರೂಪಾಯಿಯ ಸುರಕ್ಷಾ ಬಿಮಾ ಎರಡನ್ನೂ ಈ ವಾರವೇ ಮಾಡಿಸಿ. ಜೀವನ ಜ್ಯೋತಿಗೆ 50 ವರ್ಷದೊಳಗೆ ಸೇರಬೇಕು. ಒಂದೊಂದಕ್ಕೂ 2 ಲಕ್ಷ. ಸುರಕ್ಷಾ ಬಿಮಾ ಅಪಘಾತಕ್ಕೆ ಮಾತ್ರ.

ಇನ್ನು ಉದ್ರಿ ಪುಸ್ತಕ, ಸ್ಟಾಕಿನ ವಿಮೆ, ಐಟಿ ರಿಟರ್ನ್, ಅರವತ್ತರ ಮೇಲಿನ ಬದುಕು, ಇವೆಲ್ಲ ಪಟ್ಟಿಯಲ್ಲಿವೆ. ಕೊನೆಯ ಪ್ರಶ್ನೆ ಮಾತ್ರ ಸ್ವಲ್ಪ ಕಷ್ಟದ್ದು: ನಿಮ್ಮ ಅಂಗಡಿ ನಿಮಗೆ ತಿಂಗಳಿಗೆ ಎಷ್ಟು ಸಂಬಳ ಕೊಡುತ್ತಿದೆ? ಆ ಗಂಡ ಹೆಂಡತಿ ಈಗ ತಿಂಗಳ ಒಂದನೇ ತಾರೀಖು 24,000 ಸಂಬಳ ತಗೊಳ್ಳುತ್ತಾರೆ. ಅಂಗಡಿ ಖಾತೆಯಿಂದ ಮನೆ ಖಾತೆಗೆ. ಅದು ಬಿಟ್ಟು ಗಲ್ಲಾದಿಂದ ಮನೆಗೆ ಒಂದು ರೂಪಾಯಿ ಹೋಗುವುದಿಲ್ಲ. ಮೊದಲ ಎರಡು ತಿಂಗಳು ತುಂಬಾ ಬಿಗಿಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಮಗಳ ಹುಟ್ಟುಹಬ್ಬಕ್ಕೆ ಕೇಕು ಮನೆಯಲ್ಲೇ ಮಾಡಿದರು. ಐದನೇ ತಿಂಗಳಿಗೆ ಡೈಲಿ ಫೈನಾನ್ಸ್ ಮುಗಿಯಿತು. ಹೊಸದು ತಗೊಂಡಿಲ್ಲ.

ಪಟ್ಟಿ ಬೇಕಾದರೆ ನನಗೆ “ಗಲ್ಲಾ” ಅಂತ ಒಂದೇ ಪದದ ಮೆಸೇಜ್ ಮಾಡಿ. ಜೊತೆಗೆ ಯಾವ ಅಂಗಡಿ, ಯಾವ ಊರು ಅಂತ ಬರೆದರೆ ಒಳ್ಳೆಯದು. ವ್ಯಾಪಾರ ಎಷ್ಟು, ಸಾಲ ಎಷ್ಟು ಅಂತ ನಾನು ಕೇಳುವುದಿಲ್ಲ. ನಾನು ಪಾಲಿಸಿ ಮಾರುವುದಿಲ್ಲ, ಕಮಿಷನ್ ತಗೊಳ್ಳುವುದಿಲ್ಲ. ಕೂತು ಪೂರ್ತಿ ಯೋಜನೆ ಮಾಡಿಕೊಡಿ ಅಂತ ಬಂದವರಿಂದ ಫೀಸು ತಗೊಳ್ಳುತ್ತೇನೆ, ಎಷ್ಟು ಅಂತ ಮೊದಲೇ ಹೇಳುತ್ತೇನೆ. ಪಟ್ಟಿ ತಗೊಂಡವರು ನನ್ನ ಹತ್ತಿರ ಬರಲೇಬೇಕು ಅಂತೇನಿಲ್ಲ. ಮತ್ತೆ ಮತ್ತೆ ಫೋನ್ ಮಾಡಿ ಕಾಡುವುದೂ ಇಲ್ಲ.

ಪಕ್ಕದ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ. ಮೊದಲ ಪುಟವನ್ನು ಗಲ್ಲಾದ ಮುಚ್ಚಳದ ಒಳಗೆ ಅಂಟಿಸಿ, ಎರಡನೆಯದು ಮನೆಯಲ್ಲಿರಲಿ. ಹಗಲು ಗಿರಾಕಿಗಳ ನಡುವೆ ನಿಮಗೆ ಪುರುಸೊತ್ತು ಇರುವುದಿಲ್ಲ ಅಂತ ಗೊತ್ತು. ರಾತ್ರಿ ಶಟರ್ ಎಳೆದ ಮೇಲೆ ಮೆಸೇಜ್ ಮಾಡಿ. ಬೆಳಗ್ಗೆ ನೀವು ಬಾಗಿಲಿಗೆ ನೀರು ಹಾಕುವ ಹೊತ್ತಿಗೆ ಪಟ್ಟಿ ನಿಮ್ಮ ಫೋನಿನಲ್ಲಿರುತ್ತದೆ.