ಯೂರಿನ್ ರೊಟೀನ್ ರಿಪೋರ್ಟ್, ಶಿಡ್ಲಘಟ್ಟ

ಪೇಶೆಂಟ್: ಗೌರಮ್ಮ, 54 ವರ್ಷ, ಹೆಂಗಸು
ಸ್ಯಾಂಪಲ್ ಕೊಟ್ಟಿದ್ದು: 20-02-2025 ಗುರುವಾರ, ಬೆಳಗ್ಗೆ 9.10
ಟೆಸ್ಟ್ ಮಾಡಿದ್ದು: 9.35
ರಿಪೋರ್ಟ್ ಕೈಗೆ ಕೊಟ್ಟಿದ್ದು: 10.20
ಸ್ಯಾಂಪಲ್: ಮೊದಲ ಧಾರೆ ಬಿಟ್ಟು ನಡುವೆ ಹಿಡಿದಿದ್ದು, ಸ್ಟೆರೈಲ್ ಡಬ್ಬಿ, ಸುಮಾರು 40 ಮಿ.ಲೀ.
ಡಾಕ್ಟರ್ ಚೀಟಿಲಿ ಬರೆದಿರೋದು: 3 ದಿನದಿಂದ ಉರಿಮೂತ್ರ, ಚಳಿಜ್ವರ, ವಾಕರಿಕೆ, 9 ವರ್ಷದಿಂದ ಶುಗರ್

ಕಣ್ಣಿಗೆ ಕಂಡಿದ್ದು
ಬಣ್ಣ: ಗಾಢ ಹಳದಿ
ತಿಳಿ ಇದೆಯಾ: ಇಲ್ಲ, ಸ್ವಲ್ಪ ಮಬ್ಬು

ಸ್ಟ್ರಿಪ್ ರಿಸಲ್ಟ್
ಸ್ಪೆಸಿಫಿಕ್ ಗ್ರ್ಯಾವಿಟಿ: 1.025
ಪಿಎಚ್: 6.0
ಪ್ರೋಟೀನ್: 1+ (ಸುಮಾರು 30 ಮಿ.ಗ್ರಾಂ/ಡೆ.ಲೀ.) ನಾರ್ಮಲ್: ಇಲ್ಲ
ಗ್ಲೂಕೋಸ್: 3+ (ಸುಮಾರು 1000 ಮಿ.ಗ್ರಾಂ/ಡೆ.ಲೀ.) ನಾರ್ಮಲ್: ಇಲ್ಲ
ಕೀಟೋನ್: 2+ (ಸುಮಾರು 40 ಮಿ.ಗ್ರಾಂ/ಡೆ.ಲೀ.) ನಾರ್ಮಲ್: ಇಲ್ಲ
ರಕ್ತ: ಇಲ್ಲ
ಬಿಲಿರುಬಿನ್: ಇಲ್ಲ
ಯೂರೋಬಿಲಿನೋಜನ್: ನಾರ್ಮಲ್
ನೈಟ್ರೈಟ್: ಪಾಸಿಟಿವ್
ಲ್ಯೂಕೋಸೈಟ್ ಎಸ್ಟರೇಸ್: 2+

ಮೈಕ್ರೋಸ್ಕೋಪ್ ರಿಸಲ್ಟ್
ಪಸ್ ಸೆಲ್ಸ್: ಹೈ ಪವರ್ ಫೀಲ್ಡ್‌ಗೆ 18 ರಿಂದ 20, ಅಲ್ಲಲ್ಲಿ ಗುಂಪಾಗಿ ಅಂಟಿಕೊಂಡಿವೆ. ನಾರ್ಮಲ್: 0 ರಿಂದ 5
ಕೆಂಪು ರಕ್ತಕಣ: 1 ರಿಂದ 2
ಎಪಿಥೀಲಿಯಲ್ ಸೆಲ್ಸ್: 2 ರಿಂದ 3
ಕಾಸ್ಟ್: ಕಾಣಲಿಲ್ಲ
ಕ್ರಿಸ್ಟಲ್: ಕಾಣಲಿಲ್ಲ
ಬ್ಯಾಕ್ಟೀರಿಯಾ: ಇವೆ, 2+
ಈಸ್ಟ್: ಇಲ್ಲ

ಬೆರಳ ತುದಿ ಶುಗರ್, ಗ್ಲುಕೋಮೀಟರ್‌ನಲ್ಲಿ 9.50ಕ್ಕೆ: 338 ಮಿ.ಗ್ರಾಂ/ಡೆ.ಲೀ. (ಚೀಟಿಲಿ ಇರ್ಲಿಲ್ಲ, ಸ್ಟ್ರಿಪ್ ನೋಡಿದ್ಮೇಲೆ ನಾನೇ ಕೇಳಿ ಮಾಡಿದ್ದು, ಇದಕ್ಕೆ ದುಡ್ಡು ಸೇರಿಸಿಲ್ಲ)

ಟೆಕ್ನಿಷಿಯನ್ ಬರೆದಿರೋ ವಿವರ

ಗೌರಮ್ಮನೋರೆ, ರಿಪೋರ್ಟ್ ಕನ್ನಡದಲ್ಲೇ ಅರ್ಥ ಆಗೋ ಹಾಗೆ ಬರೆದುಕೊಡಿ ಅಂತ ನಿಮ್ಮ ಮಗ ಕೇಳಿದ್ರು, ಅದಕ್ಕೇ ಬರೀತಿದೀನಿ. ಮೊದಲು ಒಂದು ಮಾತು, ಇವತ್ತೇ, ಈಗ್ಲೇ ಡಾಕ್ಟರ್ ಹತ್ರ ಹೋಗಿ, ನಾಳೆಗೆ ಇಟ್ಕೋಬೇಡಿ. ರೇಷ್ಮೆ ಹುಳ ನಾಲ್ಕನೇ ಸಲ ಪೊರೆ ಬಿಟ್ಟು ಜ್ವರ ಎದ್ದಿದೆ, ಹಗಲು ರಾತ್ರಿ ಸೊಪ್ಪು ಹಾಕ್ಬೇಕು, ಗೂಡು ಕಟ್ಟೋವರೆಗೂ ಹುಳದ ಮನೆ ಬಿಟ್ಟು ಬರೋಕಾಗಲ್ಲ ಅಂದ್ರಿ, ಆ ಕಷ್ಟ ನಂಗೆ ಗೊತ್ತು, ನಮ್ಮನೇಲೂ ಹುಳ ಮೇಯಿಸಿದೋರೇ. ಆದ್ರೆ ಈ ರಿಪೋರ್ಟಲ್ಲಿ ಗ್ಲೂಕೋಸ್ 3+ ಮತ್ತೆ ಕೀಟೋನ್ 2+ ಎರಡೂ ಒಟ್ಟಿಗೆ ಬಂದಿದೆ, ಅದು ವಾರ ಕಾಯೋ ವಿಷಯ ಅಲ್ಲ, ಸೊಪ್ಪು ಹಾಕೋಕೆ ಸೊಸೇನೋ ಪಕ್ಕದಮನೆಯೋರ್ನೋ ಕರೀರಿ.

ನೀವು ಕೌಂಟರ್ ಹತ್ರ ಕೇಳಿದ್ದು ಪಸ್ ಸೆಲ್ ಎಷ್ಟಿದೆ ಅಂತ ಮಾತ್ರ. ಎಲ್ರೂ ಹಂಗೇ, ರಿಪೋರ್ಟ್ ತಗೊಂಡ ತಕ್ಷಣ ಪಸ್ ಸೆಲ್ ಅನ್ನೋ ಸಾಲು ಹುಡುಕ್ತಾರೆ. ಅದೂ ಮುಖ್ಯಾನೇ, ಕೆಳಗೆ ಬರೆದಿದೀನಿ, ಆದ್ರೆ ನಿಮ್ಮ ರಿಪೋರ್ಟಲ್ಲಿ ನಂಗೆ ಗಾಬರಿ ಆಗಿದ್ದು ಕೀಟೋನ್ ಸಾಲು ನೋಡಿ.

ಕೀಟೋನ್ ಅಂದ್ರೆ ಏನು ಅಂತ ಹೇಳ್ತೀನಿ. ಮೈಗೆ ಉರಿಸೋಕೆ ಸಕ್ಕರೆ ಸಿಗದೆ ಇದ್ದಾಗ ಕೊಬ್ಬನ್ನ ಕರಗಿಸಿ ಉರಿಸುತ್ತೆ, ಆಗ ಹುಟ್ಟೋದೇ ಕೀಟೋನ್. ಉಪವಾಸ ಮಾಡಿದೋರಿಗೆ, ವಾಂತಿ ಆಗಿ ಎರಡು ದಿನ ಏನೂ ತಿನ್ನದೋರಿಗೆ, ಬಸುರಿ ಹೆಂಗಸರಿಗೆ ವಾಂತಿ ಜಾಸ್ತಿ ಇದ್ದಾಗ, ಇವರಿಗೆಲ್ಲ ಸ್ಟ್ರಿಪ್‌ನಲ್ಲಿ ಕೀಟೋನ್ ಬರುತ್ತೆ, ಊಟ ಮಾಡಿದ್ರೆ ಹೋಗುತ್ತೆ. ನೀವೂ ಮೊನ್ನೆಯಿಂದ ಮುದ್ದೆ ಮುಟ್ಟಿಲ್ಲ, ಬರೀ ಗಂಜಿ ನೀರು ಅಂದ್ರಿ, ಹಂಗಾಗಿ ಸ್ವಲ್ಪ ಅದ್ರಿಂದ್ಲೂ ಬಂದಿರ್ಬೋದು. ಆದ್ರೆ ಬರೀ ಉಪವಾಸದಿಂದ ಬಂದಿದ್ರೆ ಗ್ಲೂಕೋಸ್ 3+ ಬರಬಾರ್ದು, ರಕ್ತದಲ್ಲಿ ಶುಗರ್ 338 ಇರಬಾರ್ದು. ಇಲ್ಲಿ ರಕ್ತದಲ್ಲಿ ಸಕ್ಕರೆ ತುಂಬಿ ತುಳುಕ್ತಿದೆ, ಇನ್ಸುಲಿನ್ ಸಾಲದೆ ಅದು ಜೀವಕೋಶದ ಒಳಗೆ ಹೋಗ್ತಿಲ್ಲ, ಕೆರೆ ಏರಿ ಮೇಲೆ ಕೂತು ಬಾಯಾರಿದ ಹಂಗೆ. ಇದು ಮುಂದುವರಿದ್ರೆ ರಕ್ತ ಆಸಿಡ್ ಆಗುತ್ತೆ, ಅದಕ್ಕೆ ಡಯಾಬಿಟಿಕ್ ಕೀಟೋ ಆಸಿಡೋಸಿಸ್ ಅಂತಾರೆ, ಮಾತ್ರೆ ತಗೊಳೋ ಶುಗರ್‌ನೋರಿಗೂ ಜ್ವರ, ಇನ್ಫೆಕ್ಷನ್ ಬಂದಾಗ ಇದು ಬರ್ಬೋದು. ನಿಮಗೆ ಅದೇ ಬಂದಿದೆ ಅಂತ ನಾನು ಹೇಳ್ತಿಲ್ಲ, ಯೂರಿನ್ ಸ್ಟ್ರಿಪ್‌ನಿಂದ ಅದನ್ನ ಹೇಳೋಕಾಗಲ್ಲ, ರಕ್ತದ ಕೀಟೋನ್, ಬೈಕಾರ್ಬೊನೇಟ್, ಎಲೆಕ್ಟ್ರೋಲೈಟ್ ನೋಡಿ ಡಾಕ್ಟರ್ರೇ ಹೇಳ್ಬೇಕು.

ಇನ್ನೊಂದು ವಿಷಯ, ಈ ಸ್ಟ್ರಿಪ್‌ಗೆ ಸಿಗೋದು ಅಸಿಟೋಅಸಿಟೇಟ್ ಅನ್ನೋ ಒಂದು ಬಗೆ ಕೀಟೋನ್ ಮಾತ್ರ. ಕಾಯಿಲೆ ಜೋರಾದಾಗ ರಕ್ತದಲ್ಲಿ ಹೆಚ್ಚಾಗೋದು ಬೀಟಾ ಹೈಡ್ರಾಕ್ಸಿಬ್ಯುಟಿರೇಟ್, ಅದು ಸ್ಟ್ರಿಪ್‌ಗೆ ಕಾಣೋದೇ ಇಲ್ಲ. ಅದಕ್ಕೆ 2+ ಅಷ್ಟೇ ಅಲ್ವಾ, 4+ ಏನಲ್ವಲ್ಲ ಅಂತ ಸಮಾಧಾನ ಮಾಡ್ಕೋಬೇಡಿ. ಜೋರು ಜೋರಾಗಿ ಉಸಿರಾಡೋದು, ಹೊಟ್ಟೆನೋವು, ನಿಲ್ಲದ ವಾಂತಿ, ಮಂಪರು, ಬಾಯಿಂದ ಹಣ್ಣಿನ ಥರ ವಾಸನೆ, ಇದ್ರಲ್ಲಿ ಒಂದು ಕಂಡ್ರೂ ಕ್ಲಿನಿಕ್‌ನಲ್ಲಿ ಟೋಕನ್ ತಗೊಂಡು ಕೂರ್ಬೇಡಿ, 108ಕ್ಕೆ ಫೋನ್ ಮಾಡಿ ನೇರ ಆಸ್ಪತ್ರೆಗೆ ಹೋಗಿ.

ಗ್ಲೂಕೋಸ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ರಕ್ತದಲ್ಲಿ ಶುಗರ್ ಸುಮಾರು 180 ದಾಟಿದ್ರೆ ಕಿಡ್ನಿ ಹಿಡಿದಿಟ್ಕೊಳೋಕಾಗದೆ ಯೂರಿನ್‌ಗೆ ಬಿಡುತ್ತೆ, ನಿಮಗೆ ಆಗಿರೋದು ಅದೇ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಥರ ಮಾತ್ರೆ ತಗೊಳೋರಿಗೆ ರಕ್ತದ ಶುಗರ್ ಚೆನ್ನಾಗಿದ್ರೂ ಯೂರಿನ್‌ನಲ್ಲಿ ಗ್ಲೂಕೋಸ್ ಬರುತ್ತೆ, ಅದಕ್ಕೇ ನಿಮ್ಮ ಮಾತ್ರೆ ಕವರ್ ತೆಗೆಸಿ ನೋಡಿದೆ, ನಿಮ್ಮ ಹತ್ರ ಇರೋದು ಮೆಟ್ಫಾರ್ಮಿನ್ ಮತ್ತೆ ಗ್ಲಿಮೆಪಿರೈಡ್ ಎರಡೇ, ಹಂಗಾಗಿ ಆ ಕಾರಣ ಇಲ್ಲ. ವಾಕರಿಕೆ ಅಂತ ಎರಡು ದಿನದಿಂದ ಆ ಎರಡು ಮಾತ್ರೇನೂ ನಿಲ್ಸಿದೀರಿ ಅಂತ ನಿಮ್ಮ ಮಗ ಆಮೇಲೆ ಹೇಳಿದ್ರು. ಅದನ್ನ ಡಾಕ್ಟರ್ ಮುಂದೆ ಮುಚ್ಚಿಡಬೇಡಿ, ಬೈತಾರೆ ಅಂತ ಹೆದರ್ಬೇಡಿ, ಮೊದಲು ಅದನ್ನೇ ಹೇಳಿ. ಈಗ ಮನೆಗೆ ಹೋಗಿ ಬಿಟ್ಟಿರೋ ಮಾತ್ರೆ ಎಲ್ಲ ಸೇರಿಸಿ ನುಂಗೋದೂ ಬೇಡ, ಅವರು ಹೇಳಿದ ಹಂಗೆ ಮಾಡಿ.

ಪಸ್ ಸೆಲ್ ವಿಷಯ. ಪಸ್ ಸೆಲ್ ಅಂದ್ರೆ ಕೀವಿನಲ್ಲಿ ಇರೋ ಬಿಳಿ ರಕ್ತಕಣ, ರೋಗಾಣು ಜೊತೆ ಹೋರಾಡೋಕೆ ಬಂದಿರೋವು. 10 ಮಿ.ಲೀ. ಯೂರಿನ್ ಸೆಂಟ್ರಿಫ್ಯೂಜ್‌ನಲ್ಲಿ 5 ನಿಮಿಷ ತಿರುಗಿಸಿ, ಮೇಲಿನ ನೀರು ಚೆಲ್ಲಿ, ತಳದಲ್ಲಿ ಕೂತಿದ್ದನ್ನ ಸ್ಲೈಡ್ ಮೇಲೆ ಹಾಕಿ 40 ಪವರ್ ಲೆನ್ಸ್‌ನಲ್ಲಿ 10 ಫೀಲ್ಡ್ ಎಣಿಸಿದೀನಿ, ಒಂದೊಂದ್ರಲ್ಲೂ 18, 20 ಹಿಂಗೇ ಇವೆ. ಸ್ಟ್ರಿಪ್‌ನಲ್ಲಿ ಎಸ್ಟರೇಸ್ 2+, ನೈಟ್ರೈಟ್ ಪಾಸಿಟಿವ್, ಸ್ಲೈಡ್‌ನಲ್ಲಿ ಬ್ಯಾಕ್ಟೀರಿಯಾ, ಮೇಲಾಗಿ ನಿಮಗೆ ಉರಿ ಮತ್ತೆ ಚಳಿಜ್ವರ, ಎಲ್ಲಾನೂ ಮೂತ್ರದ ಸೋಂಕಿನ ಕಡೆಗೇ ಕೈ ತೋರಿಸ್ತಿವೆ. ಒಂದೊಂದ್ಸಲ ಹೆಂಗಸರಿಗೆ ಬಿಳಿಮುಟ್ಟು ಸೇರಿ ಪಸ್ ಸೆಲ್ ಸುಮ್ನೆ ಜಾಸ್ತಿ ಕಾಣುತ್ತೆ, ಆಗ ಎಪಿಥೀಲಿಯಲ್ ಸೆಲ್ಸ್ ತುಂಬಾ ಇರ್ತವೆ, ನಿಮ್ಮದ್ರಲ್ಲಿ 2, 3 ಮಾತ್ರ ಇವೆ, ನಾನು ಹೇಳಿದ ಹಂಗೇ ತೊಳ್ಕೊಂಡು ನಡು ಧಾರೆ ಹಿಡಿದಿದೀರಿ, ಸ್ಯಾಂಪಲ್ ಚೆನ್ನಾಗಿದೆ, ನಂಬಬಹುದು. ಸೋಂಕು ಬರೀ ಮೂತ್ರಚೀಲದಲ್ಲಿದೆಯಾ ಕಿಡ್ನಿವರೆಗೂ ಹತ್ತಿದೆಯಾ ಅನ್ನೋದು ಈ ರಿಪೋರ್ಟ್ ಹೇಳಲ್ಲ. ಬಿಳಿಕಣದ ಕಾಸ್ಟ್, ಅಂದ್ರೆ ಕಿಡ್ನಿ ನಾಳದಲ್ಲಿ ಅಚ್ಚು ಹಾಕಿದ ಹಂಗೆ ಗಟ್ಟಿಯಾದ ತುಂಡು ಕಂಡಿದ್ರೆ ಕಿಡ್ನಿ ಅಂತ ಅನುಮಾನ ಪಡ್ಬೋದಿತ್ತು, ಕಂಡಿಲ್ಲ ಅಂದ ಮಾತ್ರಕ್ಕೆ ಕಿಡ್ನಿಗೆ ಏನೂ ಆಗಿಲ್ಲ ಅಂತಾನೂ ಅಲ್ಲ. ಪಕ್ಕೆ ಹಿಂದೆ ಸೊಂಟದ ಮೇಲೆ ನೋವಿದ್ರೆ ಡಾಕ್ಟರ್‌ಗೆ ಕೈಯಿಟ್ಟು ತೋರ್ಸಿ.

ಡಾಕ್ಟರ್ ಚೀಟಿಲಿ ಕಲ್ಚರ್ ಕೂಡ ಇತ್ತು, ಅದಕ್ಕೆ ಸ್ಟ್ರಿಪ್ ಅದ್ದೋಕೆ ಮುಂಚೇನೇ 10 ಮಿ.ಲೀ. ಬೇರೆ ಸ್ಟೆರೈಲ್ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿ ಇಟ್ಟಿದೀನಿ, 11 ಗಂಟೆ ಗಾಡಿಗೆ ಹೋಗುತ್ತೆ, ಶನಿವಾರ ರಿಪೋರ್ಟ್ ಬರುತ್ತೆ. ಯಾವ ರೋಗಾಣು, ಯಾವ ಆಂಟಿಬಯೋಟಿಕ್ ಕೆಲಸ ಮಾಡುತ್ತೆ ಅಂತ ಅದ್ರಲ್ಲಿ ಗೊತ್ತಾಗುತ್ತೆ. ಕಲ್ಚರ್‌ಗೆ ಸ್ಯಾಂಪಲ್ ಆಗ್ಲೇ ಎತ್ತಿಟ್ಟಿರೋದ್ರಿಂದ ಡಾಕ್ಟರ್ ಇವತ್ತೇ ಔಷಧಿ ಶುರು ಮಾಡಿದ್ರೂ ತೊಂದ್ರೆ ಇಲ್ಲ. ಆದ್ರೆ ಮೆಡಿಕಲ್ ಸ್ಟೋರ್‌ನಲ್ಲಿ ಉರಿಮೂತ್ರಕ್ಕೆ ಏನಾದ್ರೂ ಕೊಡಪ್ಪ ಅಂತ ಕೇಳಿ ಎರಡು ಮಾತ್ರೆ ನುಂಗಿ ಮನೆಗೆ ಹೋಗೋ ಕೆಲಸ ಮಾತ್ರ ಮಾಡ್ಬೇಡಿ, ಉರಿ ಒಂದಿನ ಕಮ್ಮಿ ಆಗುತ್ತೆ, ಒಳಗಿನ ಶುಗರ್, ಕೀಟೋನ್ ಯಾರೂ ನೋಡಲ್ಲ.

ಪ್ರೋಟೀನ್ 1+ ಇದೆ. ಸ್ಟ್ರಿಪ್ ಒಂದನ್ನೇ ನಂಬದೆ ಸಲ್ಫೋಸ್ಯಾಲಿಸಿಲಿಕ್ ಆಸಿಡ್ ಹಾಕೀನೂ ನೋಡಿದೆ, ತೆಳ್ಳಗೆ ಮಬ್ಬು ಬಂತು, ಹಂಗಾಗಿ ಪ್ರೋಟೀನ್ ಇರೋದು ನಿಜ. ಕಿಡ್ನಿ ಹೋಯ್ತಾ ಅಂತ ನಿಮ್ಮ ಮಗ ಕೇಳಿದ್ರು, ಇಲ್ಲ, ಈ ಒಂದು 1+ ನೋಡಿ ಹಂಗೆ ಹೇಳೋಕೆ ಬರಲ್ಲ. ಜ್ವರ ಇದ್ದಾಗ, ಸೋಂಕು ಇದ್ದಾಗ, ಯೂರಿನ್ ಗಟ್ಟಿಯಾಗಿದ್ದಾಗ ಸ್ವಲ್ಪ ಪ್ರೋಟೀನ್ ಬರುತ್ತೆ, ಆಮೇಲೆ ಹೋಗುತ್ತೆ. ಆದ್ರೆ 9 ವರ್ಷದಿಂದ ಶುಗರ್ ಇರೋರಿಗೆ ಇದನ್ನ ಬಿಡಬಾರ್ದು. ಸೋಂಕು ಪೂರ್ತಿ ವಾಸಿ ಆದ್ಮೇಲೆ ಬೆಳಗಿನ ಮೊದಲ ಯೂರಿನ್‌ನಲ್ಲಿ ಆಲ್ಬುಮಿನ್ ಕ್ರಿಯಾಟಿನಿನ್ ರೇಷಿಯೋ ಅಂತ ಟೆಸ್ಟ್ ಮಾಡಿಸ್ಬೇಕು, 30 ಮಿ.ಗ್ರಾಂ/ಗ್ರಾಂಗಿಂತ ಕಮ್ಮಿ ಇದ್ರೆ ಸರಿ, ಜಾಸ್ತಿ ಬಂದ್ರೆ ಮೂರರಿಂದ ಆರು ತಿಂಗಳಲ್ಲಿ ಮತ್ತೆ ನೋಡ್ತಾರೆ, ಮೂರು ಸಲದಲ್ಲಿ ಎರಡು ಸಲ ಜಾಸ್ತಿ ಇದ್ರೇನೇ ಕಿಡ್ನಿಗೆ ಶುಗರ್ ತಗುಲಿದೆ ಅಂತ ಯೋಚ್ನೆ ಮಾಡೋದು. ರಕ್ತದಲ್ಲಿ ಕ್ರಿಯಾಟಿನಿನ್ ಇವತ್ತೇ ಮಾಡಿಸೋಕೆ ಹೇಳ್ತಾರೆ ಅನ್ಸುತ್ತೆ.

ರಕ್ತ, ಬಿಲಿರುಬಿನ್ ಸಾಲುಗಳಲ್ಲಿ ಹೇಳೋಂಥದ್ದು ಏನಿಲ್ಲ. ವಿಟಮಿನ್ ಸಿ ಮಾತ್ರೆ ಜಾಸ್ತಿ ತಗೊಂಡಿದ್ರೆ ಸ್ಟ್ರಿಪ್‌ನಲ್ಲಿ ರಕ್ತ, ಗ್ಲೂಕೋಸ್, ನೈಟ್ರೈಟ್ ಇದ್ರೂ ಇಲ್ಲ ಅಂತ ತೋರ್ಸುತ್ತೆ, ನೀವು ತಗೊಂಡಿಲ್ಲ ಅಂದ್ರಿ, ಸ್ಲೈಡ್‌ನಲ್ಲೂ ಕೆಂಪು ಕಣ ನಾರ್ಮಲ್ ಇವೆ.

10.05ಕ್ಕೆ ಚೀಟಿ ಬರೆದಿರೋ ಡಾಕ್ಟರ್‌ಗೆ ಫೋನ್ ಮಾಡಿ ಗ್ಲೂಕೋಸ್ 3+, ಕೀಟೋನ್ 2+, ಶುಗರ್ 338 ಅಂತ ಓದಿ ಹೇಳಿದೀನಿ, ಅವರೂ ತಿರುಗಿ ಓದಿ ಖಚಿತ ಮಾಡ್ಕೊಂಡ್ರು, ತಕ್ಷಣ ಕಳ್ಸಿ ಅಂದ್ರು. ನಿಮ್ಮ ಮಗನಿಗೂ ಹೇಳಿದೀನಿ, ಗಾಡಿ ಹೊರಗೇ ಇದೆ. ಈ ರಿಪೋರ್ಟ್, ಮಾತ್ರೆ ಕವರ್, ಹಳೇ ಶುಗರ್ ಚೀಟಿ ಮೂರೂ ಕೈಲಿರ್ಲಿ, ವಾಂತಿ ಇಲ್ಲ ಅಂದ್ರೆ ದಾರೀಲಿ ಸ್ವಲ್ಪ ಸ್ವಲ್ಪ ನೀರು ಕುಡೀತಿರಿ, ಎಳನೀರು ಜ್ಯೂಸ್ ಬೇಡ.

ಕಲ್ಚರ್ ರಿಪೋರ್ಟ್: 22-02-2025 ಶನಿವಾರ, ಸಂಜೆ 4ರ ನಂತರ. ನೀವು ಆಸ್ಪತ್ರೇಲಿ ಅಡ್ಮಿಟ್ ಆಗಿದ್ರೆ ಇಲ್ಲಿಗೆ ಬರೋದು ಬೇಡ, ಯಾವ ಆಸ್ಪತ್ರೆ ಅಂತ ಮಗನ ಕೈಲಿ ಒಂದು ಫೋನ್ ಮಾಡ್ಸಿ, ರಿಪೋರ್ಟ್ ನಾನೇ ಅಲ್ಲಿಗೆ ತಲುಪಿಸ್ತೀನಿ.

ಸಹಿ: ಲ್ಯಾಬ್ ಟೆಕ್ನಿಷಿಯನ್, ಬೆಳಗ್ಗೆ 10.20