ಹಿರಿಯರಲ್ಲಿ ಒಂದು ಅರಿಕೆ: ಫೋನಿನಲ್ಲಿ ಬರುವ ಸುಳ್ಳು ಪೊಲೀಸರ ಬಗ್ಗೆ

ಮೊದಲು ನಮ್ಮ ಹುಡುಗರ ಗುಂಪಿಗೆ ಹಾಕಿದ್ದು:

ಎಲ್ರೂ ಓದಿ! ಡಿಜಿಟಲ್ ಅರೆಸ್ಟ್ ಸ್ಕ್ಯಾಮ್ ಜೋರಾಗಿದೆ. ವಯಸ್ಸಾದವರೇ ಟಾರ್ಗೆಟ್, ಅವ್ರು ಏನ್ ಹೇಳಿದ್ರೂ ನಂಬ್ತಾರೆ. ಅಪ್ಪ ಅಮ್ಮನ ಫೋನ್ ಇಸ್ಕೊಂಡು ಗೊತ್ತಿಲ್ಲದ ಕಾಲ್ ಎಲ್ಲ ಸೈಲೆಂಟ್ ಮಾಡಿ. ಓಟಿಪಿ ಕೊಟ್ರೆ ಕಥೆ ಮುಗೀತು. ಎಪಿಕೆ ಫೈಲ್ ಬಂದ್ರೆ ಮುಟ್ಲೇಬೇಡಿ. ದುಡ್ಡು ಹೋದ್ರೆ 1930. ಎಲ್ಲಾ ಗ್ರೂಪಿಗೂ ಕಳ್ಸಿ.

ಹಿರಿಯರ ಗುಂಪಿಗೆ ಮತ್ತೆ ಬರೆದದ್ದು:

ದೊಡ್ಡಪ್ಪ, ದೊಡ್ಡಮ್ಮ, ಅತ್ತೆ, ಮಾವ, ಚಿಕ್ಕಪ್ಪ, ಚಿಕ್ಕಮ್ಮ ಹಾಗೂ ನಮ್ಮ ಸಂಘದ ಎಲ್ಲ ಹಿರಿಯರಿಗೆ ನಮಸ್ಕಾರಗಳು.

ಒಂದು ವಿಷಯ ನಿಮ್ಮ ಗಮನಕ್ಕೆ ತರಬೇಕಿತ್ತು. ಸಂಘದ ಅಧ್ಯಕ್ಷರ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಿದೆ. ಬಿಡುವಾದಾಗ ನಿಧಾನವಾಗಿ ಓದಿ.

ನಿಮ್ಮಲ್ಲಿ ಬ್ಯಾಂಕಿನಲ್ಲಿ ದುಡಿದವರಿದ್ದೀರಿ, ಶಾಲೆ ನಡೆಸಿದವರಿದ್ದೀರಿ, ಮನೆಯ ಲೆಕ್ಕವನ್ನು ಇಷ್ಟು ವರ್ಷ ಸರಿದೂಗಿಸಿದವರಿದ್ದೀರಿ. ಹಣದ ವಿಚಾರದಲ್ಲಿ ನಿಮಗೆ ಬುದ್ಧಿ ಹೇಳುವಷ್ಟು ದೊಡ್ಡವನು ನಾನಲ್ಲ. ಆದರೆ ಈ ಮೋಸ ಹೊಸ ತರಹದ್ದು. ಇದು ಆಸೆ ತೋರಿಸಿ ಮಾಡುವ ಮೋಸ ಅಲ್ಲ, ಹೆದರಿಸಿ ಮಾಡುವ ಮೋಸ. ಕಾನೂನಿಗೆ ಅಂಜಿ, ಮರ್ಯಾದೆಯಿಂದ ಬದುಕಿದವರನ್ನೇ ಇದು ಹುಡುಕಿಕೊಂಡು ಬರುತ್ತದೆ.

ನಡೆಯುವುದು ಹೀಗೆ. ಮೊದಲು ಒಂದು ಸಾಮಾನ್ಯ ಕರೆ ಬರುತ್ತದೆ. ನಿಮ್ಮ ಸಿಮ್ ಇನ್ನೆರಡು ಗಂಟೆಯಲ್ಲಿ ನಿಲ್ಲುತ್ತದೆ ಎನ್ನುತ್ತಾರೆ. ಇಲ್ಲವೇ ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ನಿಮ್ಮ ಆಧಾರ್ ಬಳಸಿ ಯಾರೋ ಖಾತೆ ತೆರೆದಿದ್ದಾರೆ ಎನ್ನುತ್ತಾರೆ. ನೀವು ಗಾಬರಿಯಾಗುತ್ತೀರಿ. ಯಾರಾದರೂ ಆಗುತ್ತಾರೆ. ಆಮೇಲೆ ಕರೆಯನ್ನು 'ಪೊಲೀಸ್ ಅಧಿಕಾರಿ'ಗೆ ಕೊಡುತ್ತಾರೆ. ಅವನು ವಿಡಿಯೋದಲ್ಲಿ ಬರುತ್ತಾನೆ. ಮೈಮೇಲೆ ಸಮವಸ್ತ್ರ, ಹಿಂದೆ ಠಾಣೆಯಂತೆ ಕಾಣುವ ಕೋಣೆ. ನಿಮ್ಮ ಹೆಸರು, ವಿಳಾಸ, ಆಧಾರ್ ಸಂಖ್ಯೆ ಎಲ್ಲವನ್ನೂ ಅವನೇ ಓದಿ ಹೇಳುತ್ತಾನೆ. ಇಷ್ಟೆಲ್ಲ ಗೊತ್ತಿದೆ ಅಂದರೆ ನಿಜವಾದ ಪೊಲೀಸರೇ ಇರಬೇಕು ಅನಿಸುತ್ತದೆ, ಅಲ್ವಾ? ಈ ವಿವರಗಳನ್ನು ನಾವು ಎಷ್ಟು ಕಡೆ ಬರೆದುಕೊಟ್ಟಿರುತ್ತೇವೆ, ಜೆರಾಕ್ಸ್ ಕೊಟ್ಟಿರುತ್ತೇವೆ. ಅಲ್ಲಿಂದ ಸೋರಿ ಇಂಥವರ ಕೈಗೂ ಸೇರುತ್ತವೆ. ಅವರಿಗೆ ನಮ್ಮ ವಿವರ ಗೊತ್ತಿದೆ ಎಂಬುದು ಅವರು ಅಧಿಕಾರಿಗಳು ಎನ್ನುವುದಕ್ಕೆ ಸಾಕ್ಷಿಯಲ್ಲ.

ಮುಂದಿನ ಮಾತನ್ನು ದಯವಿಟ್ಟು ಗಮನಿಸಿ. 'ನೀವು ಡಿಜಿಟಲ್ ಅರೆಸ್ಟ್‌ನಲ್ಲಿದ್ದೀರಿ. ಕರೆ ಕಟ್ ಮಾಡಬೇಡಿ. ಕೋಣೆ ಬಿಟ್ಟು ಹೋಗಬೇಡಿ. ಮಕ್ಕಳಿಗೆ ಹೇಳಿದರೆ ಅವರೂ ಕೇಸಿನಲ್ಲಿ ಸಿಕ್ಕಿಬೀಳುತ್ತಾರೆ' ಎನ್ನುತ್ತಾನೆ. ಇಡೀ ಮೋಸ ನಿಂತಿರುವುದು ಈ ಒಂದು ಮಾತಿನ ಮೇಲೆ. ನೀವು ಒಬ್ಬರೇ ಇರಬೇಕು, ಪಕ್ಕದವರ ಹತ್ತಿರವೂ ಮಾತಾಡಬಾರದು. ಕೊನೆಗೆ, 'ನಿಮ್ಮ ಹಣ ಸರಿಯಾದದ್ದೋ ಅಲ್ಲವೋ ಪರಿಶೀಲಿಸಬೇಕು, ಈ ಖಾತೆಗೆ ಹಾಕಿ, ಆಮೇಲೆ ವಾಪಸ್ ಬರುತ್ತದೆ' ಎನ್ನುತ್ತಾನೆ. ಆ ಹಣ ಕಳ್ಳರ ಪಾಲಾಗುತ್ತದೆ.

ನಮ್ಮ ದೇಶದ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಅನ್ನುವುದೇ ಇಲ್ಲ. ಬಂಧಿಸುವುದಿದ್ದರೆ ಪೊಲೀಸರು ಎದುರಿಗೆ ಬರಬೇಕು, ಕಾರಣ ತಿಳಿಸಬೇಕು. ಫೋನಿನಲ್ಲಿ ಯಾರನ್ನೂ ಬಂಧಿಸಲು ಬರುವುದಿಲ್ಲ. ಯಾವ ಪೊಲೀಸರೂ, ಸಿಬಿಐಯವರೂ, ನ್ಯಾಯಾಲಯವೂ ತನಿಖೆಗೆಂದು ನಿಮ್ಮ ಹಣವನ್ನು ಬೇರೆ ಖಾತೆಗೆ ಹಾಕಿಸಿಕೊಳ್ಳುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯವರು ಮನ್ ಕಿ ಬಾತ್‌ನಲ್ಲೂ ಇದನ್ನೇ ಹೇಳಿದರು. ನಿಮ್ಮಲ್ಲಿ ಕೆಲವರು ರೇಡಿಯೋದಲ್ಲಿ ಕೇಳಿರಬಹುದು.

ಇದಕ್ಕೆ ಸಿಕ್ಕವರನ್ನು ದಡ್ಡರು ಎಂದು ದಯವಿಟ್ಟು ಯಾರೂ ಅನ್ನಬೇಡಿ. ಹರಿಯಾಣದ ಹಿರಿಯ ದಂಪತಿಗೆ ಈ ಕಳ್ಳರು ಸುಪ್ರೀಂ ಕೋರ್ಟ್‌ನದೇ ನಕಲಿ ಆದೇಶ ತೋರಿಸಿದ್ದರು. ಆ ದಂಪತಿ ಕೊಟ್ಟ ದೂರಿನಿಂದಾಗಿ 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ತಾನಾಗಿಯೇ ಈ ವಿಷಯವನ್ನು ಕೈಗೆತ್ತಿಕೊಂಡಿತು. ನ್ಯಾಯಾಲಯದ ಮುದ್ರೆ ಕಂಡರೆ ತಲೆಬಾಗುವುದು ಒಳ್ಳೆಯ ಗುಣವೇ. ಅದನ್ನೇ ಅವರು ಬಳಸಿಕೊಳ್ಳುತ್ತಾರೆ.

ಇಂಥ ಕರೆ ಬಂದರೆ ಉತ್ತರ ಕೊಡುವ, ವಾದ ಮಾಡುವ ಅಗತ್ಯವಿಲ್ಲ. ಫೋನ್ ಇಟ್ಟುಬಿಡಿ. ಅದು ಅಗೌರವ ಆಗುವುದಿಲ್ಲ. ಇಟ್ಟ ತಕ್ಷಣ ನಮ್ಮಲ್ಲಿ ಯಾರಿಗಾದರೂ ಒಂದು ಕರೆ ಮಾಡಿ. ರಾತ್ರಿ ಹನ್ನೆರಡಾದರೂ ಪರವಾಗಿಲ್ಲ. ಆಫೀಸಿನಲ್ಲಿರುತ್ತಾನೆ, ಸುಮ್ನೆ ಯಾಕೆ ತೊಂದರೆ ಎಂದುಕೊಳ್ಳಬೇಡಿ. ನೀವು ಕರೆ ಮಾಡದೆ ಒಬ್ಬರೇ ಹೆದರಿಕೊಂಡು ಕುಳಿತರೆ ನಮಗೆ ಅದೇ ಜಾಸ್ತಿ ಬೇಜಾರು.

ಇನ್ನು ಕೆಲವು ಸಣ್ಣ ವಿಷಯಗಳು. ಹಣ ನಿಮಗೆ ಬರುವುದಕ್ಕೆ ಯುಪಿಐ ಪಿನ್ ಒತ್ತಬೇಕಾಗಿಲ್ಲ. ಪಿನ್ ಬೇಕಾಗುವುದು ಹಣ ಕಳಿಸಲು ಮತ್ತು ಖಾತೆಯಲ್ಲಿ ಎಷ್ಟಿದೆ ಎಂದು ನೋಡಲು. ಮೆಸೇಜಿನಲ್ಲಿ ಬರುವ ಓಟಿಪಿ ಸಂಖ್ಯೆಯನ್ನು ಬ್ಯಾಂಕಿನವರು ಕರೆ ಮಾಡಿ ಕೇಳುವುದಿಲ್ಲ. ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ಚೀಟಿ ಎಂದು ವಾಟ್ಸಾಪ್‌ನಲ್ಲಿ ಬಂದ ಫೈಲಿನ ಹೆಸರು .apk ಎಂದು ಮುಗಿದಿದ್ದರೆ ತೆರೆಯಬೇಡಿ. ಅದು ಕರೆಯೋಲೆಯೂ ಅಲ್ಲ, ಚೀಟಿಯೂ ಅಲ್ಲ, ನಿಮ್ಮ ಫೋನಿನೊಳಗೆ ಕೂರುವ ಆ್ಯಪ್. ಪರಿಚಯದವರ ನಂಬರಿನಿಂದ ಬಂದಿದ್ದರೂ ಅಷ್ಟೇ. ಅವರ ಫೋನೇ ಕಳ್ಳರ ಕೈಯಲ್ಲಿರಬಹುದು. *401* ಎಂದು ಶುರುವಾಗುವ ಸಂಖ್ಯೆ ಒತ್ತಿ ಎಂದು ಯಾರಾದರೂ ಹೇಳಿದರೆ ಒತ್ತಬೇಡಿ. ಹಾಗೆ ಮಾಡಿದರೆ ನಿಮಗೆ ಬರುವ ಕರೆಗಳು ಅವರ ಫೋನಿಗೆ ಹೋಗಬಹುದು.

ಹಣ ಹೋಗಿಬಿಟ್ಟರೆ 1930ಕ್ಕೆ ಕರೆ ಮಾಡಿ. ಇದು ಕೇಂದ್ರ ಗೃಹ ಸಚಿವಾಲಯದ ಸಹಾಯವಾಣಿ. cybercrime.gov.in ತಾಣದಲ್ಲೂ ದೂರು ಕೊಡಬಹುದು, ಅದನ್ನು ನಾವೇ ಬರೆದುಕೊಡುತ್ತೇವೆ. ಕಳ್ಳರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ಬೇಗ ಬೇಗ ಸಾಗಿಸುತ್ತಾರೆ. ಬೇಗ ತಿಳಿಸಿದಷ್ಟೂ ನಡುದಾರಿಯಲ್ಲೇ ತಡೆಯುವ ಅವಕಾಶ ಹೆಚ್ಚು. ಆದ್ದರಿಂದ ಮನೆಯವರು ಏನೆಂದುಕೊಳ್ಳುತ್ತಾರೋ ಎಂದು ಒಂದು ದಿನ ಸುಮ್ಮನಿರಬೇಡಿ. ನಮ್ಮ ಮನೆಗಳಲ್ಲಿ ಇದಕ್ಕಾಗಿ ಯಾರೂ ನಿಮ್ಮನ್ನು ಒಂದು ಮಾತೂ ಅನ್ನುವುದಿಲ್ಲ. ಹುಡುಗರಿಗೂ ಇದನ್ನು ಸ್ಪಷ್ಟವಾಗಿ ಹೇಳಿದ್ದೇವೆ.

ಬರುವ ಭಾನುವಾರ ಸಂಘದ ಸಭೆ ಮುಗಿದ ಮೇಲೆ ನಾವು ನಾಲ್ಕೈದು ಜನ ಅಲ್ಲೇ ಇರುತ್ತೇವೆ. ಇಷ್ಟವಿದ್ದವರು ಫೋನ್ ತನ್ನಿ. 1930 ಸಂಖ್ಯೆಯನ್ನೂ ಮನೆಯವರ ಸಂಖ್ಯೆಗಳನ್ನೂ ಫೋನಿನ ಮೊದಲ ಪರದೆಯಲ್ಲೇ ಕಾಣುವಂತೆ ದೊಡ್ಡ ಅಕ್ಷರದಲ್ಲಿ ಇಟ್ಟುಕೊಡುತ್ತೇವೆ. ಫೋನ್ ನಿಮ್ಮ ಕೈಯಲ್ಲೇ ಇರಲಿ, ನಾವು ಪಕ್ಕದಲ್ಲಿ ಕುಳಿತು ತೋರಿಸುತ್ತೇವೆ. ನಿಮ್ಮ ಪಿನ್ ನಮಗೂ ಹೇಳಬೇಡಿ.

ನಿಮಗೆ ಇಂಥ ಕರೆ ಈಗಾಗಲೇ ಬಂದಿದ್ದರೆ ಅಂದು ತಿಳಿಸಿ. ನೀವು ಹೇಗೆ ನಿಭಾಯಿಸಿದಿರಿ ಎಂಬುದು ನಮಗೂ ಪಾಠ. ಬರಹದಲ್ಲಿ ಏನಾದರೂ ಹೆಚ್ಚುಕಮ್ಮಿಯಾಗಿದ್ದರೆ ತಿದ್ದಿ.

ಇಂತಿ,
ಸಂಘದ ಯುವಕರ ಪರವಾಗಿ,
ನಿಮ್ಮ ಆಶೀರ್ವಾದ ಬೇಡುವ ನಿಮ್ಮ ಮನೆ ಹುಡುಗ